ಮೊದಲೇ ಬಂದ ಸಾವು

ದಂಡಿನಶಿವರದ ನಮ್ಮ ಪಕ್ಕದ ಮನೆಯಾಕೆ ತನ್ನ ಗಂಡನ ಕೊನೆಯ ದಿನವನ್ನು ಹೇಳುತ್ತಿದ್ದುದು ಒಂದೇ ಉದ್ದನೆಯ ವಾಕ್ಯದಲ್ಲಿ. ಹಳ್ಳಿ ಹೆಂಗಸರ ನೆನಪುಗಳ ಪುಸ್ತಕಕ್ಕೆಂದು ನಾನು ಅದನ್ನು ಇಂಗ್ಲಿಷಿಗೆ ತಂದೆ.

"ರೊಟ್ಟಿ ತಿಂದು, ಕರು ಕಟ್ಟಿ, ಅಟ್ಟದ ಕೊಬ್ಬರಿ ಒಣಗೈತಾ ಅಂತ ಕಾಯಿ ಅಲ್ಲಾಡ್ಸಿ ನೋಡಿ ಇಳಿದ ನಮ್ಮೆಜಮಾನ್ರು, ಕೇಳಿದ ನೀರು ನಾನು ತರೋದ್ರೊಳಗೆ ಹೋಗ್ಬುಟ್ರು."

ಕರ್ತೃವಿನ ಹಿಂದೆಯೇ ಕ್ರಿಯಾಪದ ಬರಬೇಕೆಂದು ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದರು. ಹಾಗಾಗಿ "ಮೈ ಹಸ್ಬೆಂಡ್ ಡೈಡ್" ಎಂದು ಶುರುಮಾಡಿ, ನೀರು, ರೊಟ್ಟಿ, ಕರು ಎಲ್ಲವನ್ನೂ ಆಮೇಲೆ ಪೋಣಿಸಿದೆ. ನೀಟಾಗಿದೆ ಎಂದುಕೊಂಡೆ.

ಅದನ್ನು ಓದಿ, ಅದೇ ಕ್ರಮದಲ್ಲಿ ಕನ್ನಡದಲ್ಲೂ ಅರ್ಥ ಹೇಳಿದೆ. ಆಕೆ ಸೆರಗು ಬಾಯಿಗೊತ್ತಿಕೊಂಡಳು.

"ಅಯ್ಯೋ ಅಕ್ಕಾ, ಮಾತಿನ ಬಾಗ್ಲಲ್ಲೇ ಸಾಯಿಸ್ಬುಟ್ರಲ್ರೀ! ಇನ್ನು ಕರು ಕಟ್ಟೋರ್ಯಾರು?"

ನನಗೆ ನಾಚಿಕೆಯಾಯಿತು. ವಾಕ್ಯ ಮುಗಿಯುವವರೆಗಾದರೂ ಆಕೆ ಗಂಡನನ್ನು ಬದುಕಿಸಿಕೊಂಡಿದ್ದಳು. ನಾನು ಮೂರನೇ ಪದಕ್ಕೇ ಕಿತ್ತುಕೊಂಡಿದ್ದೆ.

ಪುಸ್ತಕ ಇನ್ನೂ ಪ್ರೆಸ್ಸಿಗೆ ಹೋಗಿರಲಿಲ್ಲ. "ಹ್ಯಾವಿಂಗ್ ಈಟನ್ ಹಿಸ್ ರೊಟ್ಟಿ" ಎಂದು ತೊಡಗಿ, ಕರು, ಕೊಬ್ಬರಿ, ನೀರುಗಳನ್ನು ದಾಟಿಸಿ, "ಡೈಡ್" ಅನ್ನು ಕಟ್ಟಕಡೆಗೆ ಇಟ್ಟೆ. ಇಂಗ್ಲಿಷು ಕೊಂಚ ಎಳೆದಂತಾಯಿತು, ಆಗಲಿ. ಮತ್ತೆ ಆಕೆಗೆ ಓದಿದೆ.

"ಈಗೆಲ್ಲವ್ರೆ?" ಎಂದು ನಡುವೆ ಕೇಳಿದಳು.

"ಅಟ್ಟದ ಮೇಲೆ."

"ಹಂಗಾರೆ ಮೆಲ್ಲಗೆ ಓದ್ರಿ."