ಕೂಸಿನ ಕೈ ತಿದ್ದಿದ್ದು

ಚಿಂತಾಮಣಿಯಲ್ಲಿ ನಮ್ಮದೊಂದು ಸಣ್ಣ ಫೋಟೋ ಸ್ಟುಡಿಯೋ. ಮದುವೆ, ನಾಮಕರಣಗಳಿಗೆ ಕ್ಯಾಮೆರಾ ಹಿಡಿದು ಹೋಗುವವರು ನನ್ನ ಯಜಮಾನರು. ಅಂಗಡಿಯಲ್ಲಿ ಕೂತು ಕಂಪ್ಯೂಟರ್ ಕೆಲಸ ಮಾಡುವವಳು ನಾನು. ಎಐ ಬಂದ ಮೇಲೆ, ಇಲ್ಲದವರನ್ನು ಇರುವವರ ಪಕ್ಕ ಕೂರಿಸಿಕೊಡಿ ಎಂದು ಕೇಳಿಕೊಂಡು ಬರುವವರೇ ಹೆಚ್ಚು.

ಒಂದು ಮಧ್ಯಾಹ್ನ ಮಂಡಿಕಲ್ ಕಡೆಯ ಗಂಡ ಹೆಂಡತಿ ಬಂದರು. ಚಿಂತಾಮಣಿ ಆಕೆಯ ತವರು. ಆಕೆ ಕಿವಿಗೆ ಹತ್ತಿ ಇಟ್ಟು ತಲೆಗೆ ಬಟ್ಟೆ ಕಟ್ಟಿದ್ದಳು. ಬಾಣಂತಿ ಎಂದು ನೋಡಿದ ಕೂಡಲೇ ತಿಳಿಯಿತು. ಮಡಿಲಲ್ಲಿ ಮಗು ಇರಲಿಲ್ಲ.

ಗಂಡ ಮೊಬೈಲ್ ಮುಂದೆ ಹಿಡಿದ. ಆಸ್ಪತ್ರೆಯಲ್ಲಿ ಆಕೆಯ ತಾಯಿ ತೆಗೆದ ಫೋಟೋ. ಟವೆಲ್‌ನಲ್ಲಿ ಸುತ್ತಿದ ಕೂಸು, ಮುಖವಷ್ಟೇ ಕಾಣುತ್ತಿತ್ತು. ಹುಟ್ಟುವಾಗಲೇ ಉಸಿರಿರಲಿಲ್ಲವಂತೆ.

"ಇವಳ ತೊಡೆ ಮೇಲಿರೋ ಹಂಗೆ ಒಂದು ಮಾಡ್ಕೊಡಿ ಅಕ್ಕ. ಅಮ್ಮನ ಬೆರಳು ಹಿಡ್ಕೊಂಡಿರ್ಲಿ," ಎಂದ.

ಆಕೆಯದೊಂದು ಫೋಟೋ ತೆಗೆದು, ಎರಡನ್ನೂ ಎಐಗೆ ಕೊಟ್ಟು ಚಿತ್ರ ಮಾಡಿಸಿದೆ. ಕೂಸಿನ ಮುಖ ಮಾತ್ರ ಮೊಬೈಲ್ ಫೋಟೋದ್ದನ್ನೇ ಕೂರಿಸಿದೆ. ಅದನ್ನು ಬದಲಿಸಲು ನನಗೆ ಮನಸ್ಸಾಗಲಿಲ್ಲ. ಎಲ್ಲ ಚೆನ್ನಾಗಿತ್ತು, ಕೈ ಒಂದು ಬಿಟ್ಟು. ಕೂಸಿಗೆ ಆರು ಬೆರಳು ಬಂದಿದ್ದವು. ಅದರಲ್ಲಿ ಎರಡು ತಾಯಿಯ ಬೆರಳಿಗೆ ಅಂಟಿಕೊಂಡು, ಯಾವುದು ಯಾರದ್ದೆಂದು ತಿಳಿಯುತ್ತಿರಲಿಲ್ಲ.

"ಇದೇನಕ್ಕ ಹಿಂಗೆ?" ಗಂಡ ಗಾಬರಿಯಾದ.

"ಕೈ ಬರೆಯೋದ್ರಲ್ಲಿ ಈ ಎಐ ಎಡವುತ್ತೆ ಕಣಪ್ಪ. ಕೈ ಒಂದನ್ನೇ ಮತ್ತೆ ಮಾಡ್ಸಣ. ಮುಖ ಮುಟ್ಟಲ್ಲ."

ಕೈಗಳ ಮೇಲೆ, ಮಣಿಕಟ್ಟನ್ನೂ ಸ್ವಲ್ಪ ಸೇರಿಸಿ, ಬ್ರಷ್ ಆಡಿಸಿ, ಇಷ್ಟನ್ನೇ ಬದಲಿಸು ಎಂದು ಗುರುತು ಮಾಡಿದೆ. ಗುರುತು ತೀರಾ ಬಿಗಿಯಾದರೆ ಹೊಸ ಬೆರಳಿಗೆ ಜಾಗ ಸಿಗುವುದಿಲ್ಲ, ಅಂಚು ಮೆತ್ತಗಾಗದಿದ್ದರೆ ಚರ್ಮದಲ್ಲಿ ಗೆರೆ ಕಾಣುತ್ತದೆ. ಎಐ ಎಷ್ಟು ಬದಲಿಸಬೇಕೆಂಬ ಪ್ರಮಾಣ ಕಡಿಮೆ ಇಟ್ಟಾಗ ಆ ಆರನೆಯ ಬೆರಳು ಹಾಗೇ ಉಳಿಯಿತು. ಹೆಚ್ಚಿಸಿದೆ. ಆ ತುಣುಕನ್ನಷ್ಟೇ ದೊಡ್ಡದು ಮಾಡಿಕೊಂಡು ಬರೆಯುವಂತೆ ಹೇಳಿದೆ. ಕೆಲವು ಸಲ ಕೆಟ್ಟು, ಕೊನೆಗೊಂದು ಸರಿಯಾಗಿ ಬಂತು. ಐದು ಪುಟ್ಟ ಬೆರಳು, ಉಗುರಿನ ಸಮೇತ, ಅಮ್ಮನ ತೋರುಬೆರಳನ್ನು ಬಿಗಿಯಾಗಿ ಹಿಡಿದಿದ್ದವು.

"ಸರಿಯಾಯ್ತು ನೋಡೇ," ಎಂದ ಗಂಡ.

ಆಕೆ ಪರದೆಯ ಹತ್ತಿರ ಬಂದು ತುಂಬಾ ಹೊತ್ತು ನೋಡಿದಳು.

"ಹಿಡ್ಕೊಳ್ಲಿಲ್ಲ," ಎಂದಳು.

"ಏನೇ?"

"ಅವನು ಹಿಡ್ಕೊಳ್ಲಿಲ್ಲ ರೀ. ನಾನು ಅಂಗೈಯೊಳಗೆ ಬೆರಳಿಟ್ಟೆ. ಹಿಡ್ಕೊಳ್ಳಪ್ಪ, ಹಿಡ್ಕೊಳ್ಳಪ್ಪ ಅಂದೆ. ಬೆರಳು ಮುಚ್ಲೇ ಇಲ್ಲ."

ಹೆರಿಗೆಯ ದಿನ ಗಂಡ ಟೊಮೇಟೊ ಲೋಡಿನ ಜೊತೆ ಮದ್ರಾಸಿಗೆ ಹೋಗಿದ್ದನಂತೆ. ಅವನು ಬರುವಷ್ಟರಲ್ಲಿ ಹಿರಿಯರು ಮಣ್ಣು ಮಾಡಿ ಮುಗಿಸಿದ್ದರು. ಮಗನನ್ನು ಅವನು ಮೊಬೈಲಿನಲ್ಲಿ ಮಾತ್ರ ಕಂಡಿದ್ದ.

"ನಂಗೆ ಹೇಳ್ಲೇ ಇಲ್ವಲ್ಲೇ," ಎಂದ.

"ಯಾರು ಕೇಳಿದ್ರು? ಎಲ್ರೂ ಮರ್ತುಬಿಡು ಅಂದ್ರು. ನೀವೂ ಅಂದ್ರಿ."

ಅವನು ಸ್ಟೂಲಿನ ಮೇಲೆ ಕುಸಿದು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ನಾನು ಎದ್ದು ಅಂಗಡಿಯ ಬಾಗಿಲು ಮುಂದಕ್ಕೆ ಎಳೆದೆ.

"ಹೆಂಗಿತ್ತು ಕೈ, ಹೇಳಮ್ಮ," ಎಂದೆ ಆಕೆಗೆ.

ಆಕೆ ಮೇಜಿನ ಮೇಲೆ ತನ್ನ ಕೈಯನ್ನೇ ಅಂಗಾತ ಇಟ್ಟು ತೋರಿಸಿದಳು. ಬೆರಳುಗಳು ಅರ್ಧ ಬಾಗಿದ್ದವು. "ಹಿಂಗೆ. ಹೆಬ್ಬೆರಳು ಒಂಚೂರು ಒಳಕ್ಕೆ."

ಈ ಸಲ ಎಐಗೆ ಬರೆದು ಹೇಳುವ ಪದಗಳನ್ನಷ್ಟೇ ನಂಬಲಿಲ್ಲ. ಆಕೆ ತೋರಿಸಿದ ಹಾಗೆ ಚರ್ಮದ ಬಣ್ಣದಲ್ಲಿ ಒರಟಾಗಿ ಅಂಗೈ ಬರೆದು, ಬೆರಳುಗಳ ನಡುವೆ ಗಾಢ ಗೆರೆ ಎಳೆದು, ಅದರ ಮೇಲೆ ಗುರುತು ಹಾಕಿದೆ. ನಾನು ಬರೆದ ಆಕಾರ ಅಳಿಸಿಹೋಗದಂತೆ ಬದಲಾವಣೆಯ ಪ್ರಮಾಣವನ್ನು ನಡುಮಟ್ಟದಲ್ಲಿ ಇಟ್ಟೆ. ಮೊದಲು ಬಂದದ್ದರಲ್ಲಿ ಎರಡು ಬೆರಳು ಅಂಟಿದ್ದವು. ಅಷ್ಟಕ್ಕೇ ಗುರುತು ಹಾಕಿ ಮತ್ತೆ ಮಾಡಿಸಿದೆ, ಬಿಡಿಯಾದವು. ತೆರೆದ ಅಂಗೈ, ಅದರ ಮೇಲೆ ತಾಯಿಯ ಬೆರಳು ಸುಮ್ಮನೆ ಮಲಗಿತ್ತು.

"ಹಿಂಗೇ ಇತ್ತು," ಎಂದಳು ಆಕೆ. ಅಳಲಿಲ್ಲ.

ಗಂಡ ಎದ್ದು ಬಂದು ನೋಡಿದ. ಎರಡೂ ಮಾಡಿಕೊಡಲೇ, ನಿನಗೆ ಬೆರಳು ಹಿಡಿದಿರುವ ಆ ಮೊದಲಿನದು ಇರಲಿ, ಎಂದು ಮೆಲ್ಲಗೆ ಕೇಳಿದೆ. ಅವನು ತಲೆ ಅಲ್ಲಾಡಿಸಿದ.

"ಬೇಡ ಅಕ್ಕ. ಇವಳು ಕಂಡಿದ್ದನ್ನೇ ಕೊಡಿ. ನಾನು ಕಂಡೇ ಇಲ್ವಲ್ಲ."

ಪ್ರಿಂಟ್ ತೆಗೆದು ಕವರಿಗೆ ಹಾಕಿಕೊಟ್ಟೆ. ಹೊರಗೆ ಹೋದ ಮೇಲೂ ಅವರು ಬಸ್ ಸ್ಟ್ಯಾಂಡಿನ ಕಡೆ ತಿರುಗಲಿಲ್ಲ. ನಮ್ಮ ಅಂಗಡಿಯ ಮೆಟ್ಟಿಲ ಮೇಲೇ ಕೂತರು. "ಕೂದಲಿತ್ತಾ?" ಎಂದು ಅವನು ಕೇಳಿದ್ದು ಕೇಳಿಸಿತು. "ತುಂಬಾ ಇತ್ತು," ಎಂದಳು. ಆಮೇಲೆ ಅವನು ಒಂದೊಂದೇ ಕೇಳುತ್ತಾ ಹೋದ, ಅವಳು ಹೇಳುತ್ತಾ ಹೋದಳು. ಪಾಸ್‌ಪೋರ್ಟ್ ಫೋಟೋಗೆಂದು ಬಂದವರಿಗೆ ಸ್ವಲ್ಪ ಹೊತ್ತು ಬಿಟ್ಟು ಬನ್ನಿ ಎಂದು ಕೈಸನ್ನೆ ಮಾಡಿ ಕಳಿಸಿದೆ. ಬಾಯಿ ತೆರೆದಿದ್ದರೆ ಆ ಗಿರಾಕಿಗಳ ಎದುರೇ ಅತ್ತುಬಿಡುತ್ತಿದ್ದೆ.