ನಿಲ್ಲದೆ ಬಂದ ಮಸುಕು ಚಿತ್ರ

ವಿಡಿಯೋ ನಿಂತುಹೋಗಿದ್ದರೆ ನಾನು ಮೋಸ ಹೋಗುತ್ತಿರಲಿಲ್ಲ. ನಡುನಡುವೆ ಆ ಬಿಳಿ ಚಕ್ರ ಗರಗರ ತಿರುಗಿದ್ದರೆ ನಾನು ಸುಮ್ಮನಿರುವ ಪೈಕಿ ಅಲ್ಲ. ಬೆಟಗೇರಿಯ ನಮ್ಮ ಓಣಿಗೆಲ್ಲ ಕೇಳುವಂತೆ ಕೂಗಾಡಿ, ಇಂಟರ್ನೆಟ್ಟಿನವನನ್ನು ಕರೆಸಿ, ಏನು ಎತ್ತ ಎಂದು ಅವತ್ತೇ ಇತ್ಯರ್ಥ ಮಾಡಿಸುತ್ತಿದ್ದೆ. ಆದರೆ ಮೊದಲ ಒಂದು ದಿನ ಬಿಟ್ಟರೆ ಚಿತ್ರ ನಿಲ್ಲಲಿಲ್ಲ. ಐದು ವಾರ ನುಣ್ಣಗೆ ಓಡಿತು. ಮಸುಕಾಗಿ ಓಡಿತು, ಅಷ್ಟೇ.

ನಮ್ಮದು ನೇಕಾರರ ಮನೆ. ಅಪ್ಪನ ಮಗ್ಗದ ಸದ್ದು ಕೇಳುತ್ತಲೇ ಬೆಳೆದವಳು ನಾನು. ಮದುವೆಯಾಗಿ ಬಂದ ಮನೆಯಲ್ಲೂ ಮಗ್ಗವೇ. ಗೋಡೆಗೆ ಗೋಡೆ ಹೊಂದಿದ ಪಕ್ಕದ ಮನೆಗೆ ಇಪ್ಪತ್ತೆರಡು ವರ್ಷಗಳ ಹಿಂದೆ ಶಿಗ್ಲಿಯಿಂದ ಒಬ್ಬಳು ಸೊಸೆಯಾಗಿ ಬಂದಳು. ಒಕ್ಕಲುತನದ ಮನೆಯವಳು, ಲಾಳಿ ಹಿಡಿದೇ ಗೊತ್ತಿರಲಿಲ್ಲ. ಅವಳಿಗೆ ಎಳೆ ಗಂಟುಹಾಕುವುದರಿಂದ ಸೆರಗು ಕೂಡಿಸುವವರೆಗೆ ಎಲ್ಲ ಕಲಿಸಿದವಳು ನಾನು. ನನಗಿಂತ ಸಣ್ಣವಳು, ಅಕ್ಕಾ ಎನ್ನುತ್ತಿದ್ದಳು. ಒಬ್ಬರ ಮನೆಯ ಸಾರು ಇನ್ನೊಬ್ಬರ ಮನೆಗೆ ಹೋಗದ ದಿನವಿರಲಿಲ್ಲ.

ಇಂಟರ್ನೆಟ್ ಹಾಕಿಸುವಾಗಲೂ ಇಬ್ಬರೂ ಕೂಡಿ ಒಂದೇ ಲೈನ್ ತೆಗೆದುಕೊಂಡೆವು. ಡಬ್ಬಿ ಅವಳ ಪಡಸಾಲೆಯಲ್ಲಿ ಕೂತಿತು, ವೈಫೈ ಗೋಡೆ ದಾಟಿ ನಮ್ಮ ಮನೆಗೂ ಬಂತು. ಜೋಡಿಸಲು ಬಂದಿದ್ದವನು ಮಲ್ಲಸಮುದ್ರದ ಕಡೆಯ ನಡುವಯಸ್ಸಿನವನು, ಮಾತುಗಾರ. ನಲವತ್ತು ಎಂಬಿಪಿಎಸ್ ಇಬ್ಬರಿಗೆ ಸಾಕೇನ್ರಿ ಎಂದು ಕೇಳಿದ್ದಕ್ಕೆ ಬೆರಳು ಮಡಚಿ ಲೆಕ್ಕ ಹೇಳಿದ್ದ.

"ರಗಡ ಆತ್ರಿ ಅಕ್ಕಾರ. ನಾನೂರ ಎಂಬತ್ತರ ಚಿತ್ರಕ್ಕ ಒಂದೂವರಿ, ಎರಡು ಎಂಬಿಪಿಎಸ್ ಇದ್ರ ನಡೀತೈತಿ, ಅಂಕಿ ಏರಿದಂಗ ಚಿತ್ರ ಸ್ಪಷ್ಟ ಆಗ್ತೈತಿ. ಏಳನೂರ ಇಪ್ಪತ್ತಕ್ಕ ಮೂರು. ಸಾವಿರದ ಎಂಬತ್ತಕ್ಕ ಐದು. ದೊಡ್ಡ ಟಿವಿಯೊಳಗ ಫೋರ್-ಕೆ ನೋಡ್ತೀನಂದ್ರ ಇಪ್ಪತ್ತು, ಇಪ್ಪತ್ತೈದು ಬೇಕು. ಅದನ್ನ ನೀವೇನು ನೋಡೂದಿಲ್ಲ ಬಿಡ್ರಿ."

ಡಬ್ಬಿಯನ್ನು ನೋಡಿಕೊಳ್ಳುವ ಆ್ಯಪನ್ನು ಅವಳ ಫೋನಿಗೆ ಹಾಕಿಕೊಟ್ಟು, ಯಾರ್ಯಾರ ಫೋನ್ ಸೇರಿಕೊಂಡಿವೆ, ಬೀಗರು ಬಂದು ನೆಟ್ಟನ್ನು ಪೂರ್ತಿ ಎಳೆದರೆ ಅವರ ಫೋನಿಗಷ್ಟೇ ಮಿತಿ ಹಾಕುವುದು ಹೇಗೆ, ಎಲ್ಲವನ್ನೂ ತೋರಿಸಿದ. ನಾನು ಚಹಾ ಸೋಸಲು ಎದ್ದುಹೋದೆ. ಅವಳು ಗಮನವಿಟ್ಟು ಕೇಳಿಸಿಕೊಂಡಳು.

ಮರುವರ್ಷ ಲಕ್ಷ್ಮೇಶ್ವರದಲ್ಲಿ ಹೆಣ್ಣುಮಕ್ಕಳಿಗೆ ಕೈಮಗ್ಗ ಕಲಿಸುವ ಒಂದು ಕೇಂದ್ರ ತೆರೆಯುತ್ತಾರೆಂದು ಗೊತ್ತಾಯಿತು. ಒಬ್ಬಳೇ ಶಿಕ್ಷಕಿ ಬೇಕಿತ್ತು. ಆಯ್ಕೆಗೆಂದು ಆರು ವಾರ, ವಾರಕ್ಕೊಂದು ವಿಡಿಯೋ ಪಾಠ. ಹಿರಿಯ ಮಾಸ್ತರೊಬ್ಬರು ಮರೆತುಹೋದ ಒಂದು ಹಳೆಯ ಅಂಚನ್ನು ಮಗ್ಗದ ಮೇಲೆ ಕಟ್ಟಿ ತೋರಿಸುತ್ತಾರೆ, ನೋಡಿ ಅದರಂತೆ ಒಂದು ಮೊಳ ನೇಯ್ದು ಕಳಿಸಬೇಕು. ಮಾಸ್ತರು ಮೊದಲ ಪಾಠದಲ್ಲೇ ಹೇಳಿಬಿಟ್ಟರು: ನಾನು ಎಳೆಯ ಲೆಕ್ಕ ಬಾಯಿಂದ ಹೇಳುವುದಿಲ್ಲ, ನೇಕಾರಳಿಗೆ ಕಣ್ಣಿರಬೇಕು, ಸಂಶಯ ಬಂದರೆ ಫೋನ್ ಮಾಡಿ ಕೇಳಿರಿ.

ನನಗೆ ಆ ಕೆಲಸ ಬೇಕಾಗಿತ್ತು. ಮೂವತ್ತು ವರ್ಷ ಮನೆಯ ಮೂಲೆಯಲ್ಲಿ ನೇಯ್ದಿದ್ದೇನೆ. ಒಮ್ಮೆಯಾದರೂ ಹತ್ತು ಮಂದಿಯ ಮುಂದೆ ನಿಂತು ಇದು ಹೀಗೆ ಎಂದು ಹೇಳಬೇಕು, ಯಾರಾದರೂ ಟೀಚರ್ ಎನ್ನಬೇಕು ಎಂಬ ಆಸೆ. ಇದನ್ನು ನಾನು ಗಂಡನಿಗೂ ಹೇಳಿರಲಿಲ್ಲ, ಅವಳಿಗೆ ಹೇಳಿದ್ದೆ. ಅವಳು "ನಾನೂ ಸುಮ್ಮನ ಹೆಸರು ಕೊಡ್ತೀನಕ್ಕಾ, ನಿನಗ ಜೋಡಿ ಆಗ್ತೈತಿ" ಎಂದಳು. ನನಗೆ ಖುಷಿಯೇ ಆಯಿತು.

ಮೊದಲ ಪಾಠವನ್ನು ಅವಳ ಮನೆಯ ಟಿವಿಯಲ್ಲಿ ಕೂಡಿ ನೋಡಿದೆವು. ಮಾಸ್ತರ ಉಗುರಿನ ಗೆರೆ ಕೂಡ ಕಾಣುತ್ತಿತ್ತು; ಅವತ್ತು ಮಗ್ಗ ಹೂಡುವುದಷ್ಟೇ ಇತ್ತು, ಅಂಚು ಇನ್ನೂ ಬಂದಿರಲಿಲ್ಲ. ಎರಡನೇ ವಾರ ಅವಳು, ಮನೆಯವರಿಗೆ ಮಿಲ್ಲಿನಲ್ಲಿ ರಾತ್ರಿಪಾಳಿ ಹತ್ತಿದೆ, ಹಗಲು ಮಲಗುತ್ತಾರೆ, ನೀನು ನಿನ್ನ ಫೋನಿನಲ್ಲೇ ನೋಡಿಕೋ ಎಂದಳು. ನೋಡಲು ಕೂತರೆ ಚಿತ್ರ ನಿಂತುನಿಂತು ಬಂತು. ನಾಲ್ಕು ಮಾತು, ಚಕ್ರ. ನಾಲ್ಕು ಮಾತು, ಚಕ್ರ. ಹೋಗಿ ಹೇಳಿದೆ. "ಡಬ್ಬಿ ಬಂದ್ ಮಾಡಿ ಚಾಲೂ ಮಾಡ್ತೀನಿ ತಡಿ" ಎಂದಳು. ಮಾರನೆಯ ದಿನ ಎಲ್ಲೂ ತಡೆಯದೆ ಓಡಿತು. ನಾನು ಸಂಭ್ರಮದಿಂದ ಒಂದು ಬಟ್ಟಲು ಶೇಂಗಾ ಚಟ್ನಿ ಕೊಟ್ಟು ಬಂದೆ.

ಓಡಿತೇನೋ ಸರಿ, ಆದರೆ ಎಳೆ ಬಿಡಿಬಿಡಿಯಾಗಿ ಕಾಣುತ್ತಿರಲಿಲ್ಲ. ಅಂಚಿನ ನಡುವಿನ ಪಟ್ಟಿ ಕಂದು ಬಣ್ಣದ ಒಂದೇ ಗೆರೆಯಾಗಿತ್ತು. ಅವಳನ್ನು ಕೇಳಿದರೆ "ಟಿವಿ ದೊಡ್ಡದು, ಫೋನು ಸಣ್ಣದು. ಮ್ಯಾಲ ನಮಗೂ ವಯಸ್ಸಾತಲ್ಲಕ್ಕಾ" ಎಂದು ನಕ್ಕಳು. ನನ್ನ ಕಣ್ಣೇ ಹೋಯಿತೇ ಎಂದು ಹೆದರಿದೆ. ಕಣ್ಣು ಹೋದ ನೇಕಾರಳಿಗೆ ಉಳಿಯುವುದೇನು? ಅವಳೇ ನನ್ನನ್ನು ಗದಗಿಗೆ ಕರೆದುಕೊಂಡು ಹೋಗಿ ಕಣ್ಣು ತೋರಿಸಿದಳು. ಡಾಕ್ಟರು ಇದೇನೂ ಅಂಥ ದೋಷವಲ್ಲ, ಓದಲಿಕ್ಕೆ ಹಾಕಿಕೊಳ್ಳಿರಿ ಎಂದು ಸಣ್ಣ ನಂಬರಿನ ಚಾಳೀಸು ಬರೆದುಕೊಟ್ಟರು. ಅಂಗಡಿಯಲ್ಲಿ ಐದಾರು ಫ್ರೇಮು ನನ್ನ ಮೂಗಿನ ಮೇಲೆ ಇಟ್ಟು ನೋಡಿ, ಇದು ನಿನಗೆ ಒಪ್ಪುತ್ತದೆ ಎಂದು ಆರಿಸಿದವಳೂ ಅವಳೇ. ಇದನ್ನು ಬರೆಯುವಾಗ ಈಗಲೂ ಮೈ ಉರಿಯುತ್ತದೆ.

ಚಾಳೀಸು ಹಾಕಿಕೊಂಡೂ ಪಟ್ಟಿ ಕಂದಾಗಿಯೇ ಇತ್ತು. ಮೊಬೈಲಿನ ಡೇಟಾದಲ್ಲಿ ನೋಡೋಣವೆಂದರೆ ನಮ್ಮ ದಪ್ಪ ಗೋಡೆಯ ಮನೆಯೊಳಗೆ ಡೇಟಾ ಹಿಡಿಯುವುದೇ ಇಲ್ಲ, ಕರೆಗಷ್ಟೇ ಸಾಕಾಗುವ ಸಿಗ್ನಲ್ಲು. ಮಾಸ್ತರಿಗೆ ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ನೇಕಾರರ ಮಗಳು, ಅಂಚಿನ ಬಣ್ಣ ಯಾವುದು ಎಂದು ಕೇಳುವುದೇ? ಬಜಾರಿನಲ್ಲಿ ಹುಡುಕಾಡಿ ಅದೇ ಕಂದು ಬಣ್ಣದ ನೂಲು ತಂದೆ, ಒಂದು ಮೊಳ ಚಂದ ಮಾಡಿ ನೇಯ್ದೆ, ಕಳಿಸಿದೆ.

ಹದಿನೈದು ದಿನಕ್ಕೆ ತುಂಡು ವಾಪಸ್ ಬಂತು. ಜೊತೆಗೊಂದು ಚೀಟಿ: ನೇಯ್ಗೆ ಬಹಳ ಒಳ್ಳೆಯದಿದೆ, ಆದರೆ ನಡುವಿನ ಪಟ್ಟಿ ಕಂದು ಅಲ್ಲ, ಒಂದು ಕಪ್ಪು ಎಳೆ ಒಂದು ಕೇಸರಿ ಎಳೆ. ಕೆಲಸ ಅವಳಿಗೆ ಸಿಕ್ಕಿತ್ತು.

ಹೊಟ್ಟೆಕಿಚ್ಚು ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೂ ನನ್ನ ಕೈಯಲ್ಲಿ ಕಲಿತವಳು ಗೆದ್ದಳಲ್ಲ ಎಂದು ಸಮಾಧಾನ ತಂದುಕೊಂಡು, ಬಾಯಿ ಸಿಹಿ ಮಾಡಿ ಬಂದೆ. ಅವತ್ತು ಸಂಜೆ ಮಾಳಿಗೆಯ ಮೇಲೆ ಒಣಹಾಕಿದ್ದ ನೂಲು ತೆಗೆಯಲು ಹೋದಾಗ, ನಾನು ಎಲ್ಲಿ ತಪ್ಪಿದೆನೆಂದು ನೋಡಲು ಕೊನೆಯ ಪಾಠ ಹಚ್ಚಿಕೊಂಡೇ ಮೆಟ್ಟಿಲು ಹತ್ತಿದೆ. ಮೇಲೆ ವೈಫೈ ಮುಟ್ಟುವುದಿಲ್ಲ, ಫೋನು ತಾನಾಗಿಯೇ ಮೊಬೈಲ್ ಡೇಟಾಕ್ಕೆ ಬಂತು. ಐದಾರು ಸೆಕೆಂಡು ಅದೇ ಮಸುಕು. ಆಮೇಲೆ ನಾನು ಏನೂ ಮುಟ್ಟದೆಯೇ ಚಿತ್ರ ತೊಳೆದಿಟ್ಟಂತೆ ಸ್ಪಷ್ಟವಾಯಿತು. ಕಪ್ಪು, ಕೇಸರಿ, ಕಪ್ಪು, ಕೇಸರಿ. ಒಂದೊಂದೇ ಎಳೆ ಎಣಿಸಬಹುದಿತ್ತು. ಚಾಳೀಸು ಕೆಳಗೆ ಮಗ್ಗದ ಮೇಲೆ ಇತ್ತು. ಅದೇ ಸಣ್ಣ ಫೋನು, ಅದೇ ನನ್ನ ಕಣ್ಣು.

ಮಾರನೆಯ ದಿನ ಇಂಟರ್ನೆಟ್ಟಿನವನನ್ನು ಕರೆಸಿದೆ. ಡಬ್ಬಿ ಇದ್ದದ್ದು ಅವಳ ಮನೆಯಲ್ಲಿ, ಹಾಗಾಗಿ ಅವಳೂ ಇದ್ದಳು. ಡಬ್ಬಿಯ ಬುಡದಲ್ಲೇ ನಿಂತು ಅವನು ಮೊದಲು ತನ್ನ ಫೋನಿನಲ್ಲಿ ವೇಗ ಅಳೆದ: ಮೂವತ್ತೆಂಟು. ಆಮೇಲೆ ನನ್ನ ಫೋನಿನಲ್ಲಿ: ಒಂದು. ಮತ್ತೆ ಅಳೆದ: ಒಂದು.

"ಲೈನ್ ಕೆಟ್ಟಿದ್ರ ಇದು ಏರೂದು ಇಳಿಯೂದು ಮಾಡ್ತಿತ್ರಿ. ಇದು ಗೆರಿ ಹೊಡದಂಗ ನಿಂತೈತಿ" ಎಂದ.

"ಒಂದೇ ಇದ್ರ ವಿಡಿಯೋ ನಿಲ್ಲಬೇಕಲ್ಲ? ಒಂದಿನ ಬಿಟ್ರ ನಿಲ್ಲಲೇ ಇಲ್ಲಲ್ರಿ" ಎಂದೆ.

"ಆಟೋ ಅಂತ ಇರ್ತೈತಲ್ರಿ ಅಕ್ಕಾರ. ಒಂದೇ ಪಾಠಾನ ನಾಕೈದು ದರ್ಜೆಯೊಳಗ ಮಾಡಿ, ಸಣ್ಣ ಸಣ್ಣ ತುಂಡು ಮಾಡಿ ಇಟ್ಟಿರ್ತಾರ. ತುಂಡು ಎಷ್ಟು ಜಲ್ದಿ ಬರ್ತಾವಂತ ನೋಡಿಕೊಂತ, ಮುಂದಿನ ತುಂಡು ಯಾವ ದರ್ಜೇದು ತರಬೇಕಂತ ಅದ ಠರಾಯಿಸ್ತೈತಿ. ಒಂದರಾಗ ಎಲ್ಲಾಕಿಂತ ಕೆಳಗಿನ ದರ್ಜೆ, ಮುನ್ನೂರ ಅರವತ್ತು, ಆರಾಮ ಓಡ್ತೈತಿ. ನೋಡ್ರಿ ಬೇಕಾದ್ರ." ನನ್ನ ಫೋನಿನಲ್ಲಿ ಅದೇ ಪಾಠ ಹಚ್ಚಿ, ಹಲ್ಲುಚಕ್ರದ ಗುರುತು ಒತ್ತಿ, ಆಟೋ ತೆಗೆದು ಸಾವಿರದ ಎಂಬತ್ತಕ್ಕೆ ಇಟ್ಟ. ಆ ಬಿಳಿ ಚಕ್ರ ತಿರುಗಿತು, ತಿರುಗಿತು. ಒಂದಿಷ್ಟು ಓಡಿ ಮತ್ತೆ ನಿಂತಿತು. "ಐದು ಬೇಕಾದಲ್ಲಿ ಒಂದು ಬಂದ್ರ, ಒಂದು ನಿಮಿಷದ ಚಿತ್ರ ಬರಾಕ ಐದು ನಿಮಿಷ ಬೇಕು. ಅದಕ್ಕ ಆಟೋ ನಿಮಗ ಮಸುಕಂದು ಕೊಟ್ಟೈತಿ. ಅದರದೇನೂ ತಪ್ಪಿಲ್ರಿ."

ಆಮೇಲೆ ತನ್ನ ಫೋನಿನಿಂದ ಡಬ್ಬಿಯ ಒಳಗೆ ಹೋಗಿ ನೋಡಿದ. ಫೋನುಗಳ ಪಟ್ಟಿಯಲ್ಲಿ ನನ್ನದರ ಮುಂದೆ ಮಾತ್ರ ಒಂದು ಎಂಬ ಅಂಕಿ. ಅವನು ನನ್ನನ್ನೂ ನೋಡಲಿಲ್ಲ, ಅವಳನ್ನೂ ನೋಡಲಿಲ್ಲ. ಮಿತಿ ತೆಗೆದು, "ಆತ್ರಿ, ಇನ್ನ ಸರಿ ಬರ್ತೈತಿ" ಎಂದು ಚೀಲ ಎತ್ತಿಕೊಂಡು ಹೊರಟುಬಿಟ್ಟ.

ಪಡಸಾಲೆಯಲ್ಲಿ ನಾವಿಬ್ಬರೇ ಉಳಿದೆವು. ಅವಳ ಕೈತಪ್ಪಿನಿಂದ ಆಗಿರಬಹುದು, ತಿಳಿಯದೆ ಒತ್ತಿರಬಹುದು ಎಂದು ನಾನೇ ಅವಳ ಪರವಾಗಿ ನೆಪ ಹುಡುಕುತ್ತಿದ್ದೆ. ಒಂದು ಸುಳ್ಳು ಹೇಳಿದ್ದರೆ ನಂಬಿಬಿಡುತ್ತಿದ್ದೆ. ಅವಳು ಹೇಳಲಿಲ್ಲ.

"ಮೊದಲ ಅರ್ಧಕ್ಕ ಇಟ್ಟಿದ್ದೆ. ನಿಂತು ನಿಂತು ಬರ್ತೈತಂತ ನೀ ಬಂದು ಹೇಳಿದಿ. ಅದಕ್ಕ ಒಂದಕ್ಕ ಏರಿಸಿದೆ" ಎಂದಳು, ಅನ್ನಕ್ಕೆ ಎಸರಿಟ್ಟ ಲೆಕ್ಕ ಹೇಳಿದಷ್ಟು ಸಹಜವಾಗಿ.

"ಯಾಕ?"

"ಇಪ್ಪತ್ತೆರಡು ವರ್ಷ ಆತು, ನಾ ಏನ ನೇಯ್ದ್ರೂ ಓಣ್ಯಾಗ ನಿನ್ನ ಶಿಷ್ಯೆ ಅಂತಾರ. ನಿನಗ ಮಗ್ಗ ತವರಿಂದ ಬಂದದ್ದು. ನನಗ ಇದೊಂದ ಇತ್ತು."

"ಬೇಕಂತ ಹೇಳಿದ್ರ ನಾ ಹೆಸರ ಕೊಡ್ತಿರಲಿಲ್ಲಲೇ" ಎಂದೆ. ಅದು ಖರೆಯೋ ಅಲ್ಲವೋ ನನಗೇ ಗೊತ್ತಿರಲಿಲ್ಲ.

"ಹೇಳಿದ್ರ, ನೀ ನನಗ ಬಿಟ್ಟುಕೊಟ್ಟಿ ಅಂತಿದ್ರು ಮಂದಿ. ಆವಾಗೂ ನಿಂದ ಹೆಸರು." ಅವಳೇ ಮುಂದುವರಿಸಿದಳು. "ನಾ ಕಟ್ಟಿಹಾಕಿದ್ದು ಚಿತ್ರ ಅಷ್ಟ ಅಕ್ಕಾ. ಮಾಸ್ತರ್ರು ಫೋನ್ ಮಾಡ್ರಿ ಅಂದಿದ್ರು. ಒಂದ ಫೋನ್ ಹಚ್ಚಿ ಕೇಳಿದ್ದರ ಎಲ್ಲಾ ಮುಗೀತಿತ್ತು, ಕೆಲಸ ನಿಂದಾಗ್ತಿತ್ತು. ನೀ ಕೇಳೂದಿಲ್ಲಂತ ನನಗ ಗೊತ್ತಿತ್ತು."

ನಾನು ಹೊಸಿಲು ದಾಟಿ ನಮ್ಮ ಮನೆಗೆ ಬಂದುಬಿಟ್ಟೆ. ವೇಗ ಕಟ್ಟಿಹಾಕಿದ್ದನ್ನು ಒಂದಲ್ಲ ಒಂದು ದಿನ ಕ್ಷಮಿಸಿಯೇನು. ಇಪ್ಪತ್ತೆರಡು ವರ್ಷ ನನ್ನ ಪಕ್ಕದಲ್ಲಿ ಕೂತು, ನಾನು ಎಲ್ಲಿ ಸೋಲುತ್ತೇನೆಂದು ನನ್ನ ಗಂಡನಿಗಿಂತ, ನನ್ನ ತಾಯಿಗಿಂತ ಚೆನ್ನಾಗಿ ತಿಳಿದುಕೊಂಡು, ಅಲ್ಲೇ ಕೈ ಇಟ್ಟಳಲ್ಲ, ಅದನ್ನು ಮಾತ್ರ ಕ್ಷಮಿಸಲು ಆಗುತ್ತಿಲ್ಲ.