ಬಾಯಿ ಸತ್ತವಳ ಪಾಸ್ತಾ

ಬಸ್ ಡಿಪೋದ ಕ್ಯಾಂಟೀನಿನಲ್ಲಿ ಒಲೆ ನೋಡಿಕೊಳ್ಳುವ ಅಕ್ಕನಿಗೆ ಕಳೆದ ಚಳಿಗಾಲದ ಜ್ವರ ಬಿಟ್ಟುಹೋಯಿತು. ಹೋಗುವಾಗ ನಾಲಿಗೆಯ ರುಚಿಯನ್ನೂ ಹೊತ್ತುಕೊಂಡು ಹೋಯಿತು. ಉಪ್ಪು, ಸಕ್ಕರೆ ಎರಡೂ ಒಂದೇ. ಇದನ್ನು ಅವಳು ಗಂಡನಿಗೂ ಹೇಳಿರಲಿಲ್ಲ. ಅಡುಗೆಯವಳಿಗೆ ಬಾಯಿ ಸತ್ತಿದೆ ಎಂದು ಗೊತ್ತಾದರೆ ಒಲೆಯ ಮುಂದೆ ಯಾರು ನಿಲ್ಲಿಸುತ್ತಾರೆ? ಆಮೇಲೆ ಹಿತ್ತಿಲ ಕಡೆ ಪಾತ್ರೆ ತೊಳೆಯುವ ಕಲ್ಲಿನ ಹತ್ತಿರವೇ ತನ್ನ ಜಾಗ ಎಂದು ಅವಳಿಗೆ ಖಾತ್ರಿಯಿತ್ತು. ಆದ್ದರಿಂದ ಎಲ್ಲವನ್ನೂ ಚಮಚದಲ್ಲಿ ಅಳೆದು ಹಾಕುತ್ತಿದ್ದಳು. ಜನರ ಮುಂದೆ ಸೌಟನ್ನು ಬಾಯಿಗಿಟ್ಟು ತಲೆಯಾಡಿಸುವುದನ್ನು ಮಾತ್ರ ಬಿಟ್ಟಿರಲಿಲ್ಲ.

ಜೊತೆಗೆ ಕೆಲಸ ಮಾಡುವವಳು ಅವಳ ನಾದಿನಿ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಒಂದು ದಿನ ಆಕೆ ಬೆಂದ ನೂಡಲ್ಸನ್ನು ಬಸಿದು ಹಾಗೇ ಜಾಲರಿಯಲ್ಲಿ ಬಿಟ್ಟು ಮಾತಿಗೆ ನಿಂತಿದ್ದಳು. ಹುರಿಯುವ ಹೊತ್ತಿಗೆ ಅದು ಗಟ್ಟಿ ಮುದ್ದೆಯಾಗಿತ್ತು.

“ಅಕ್ಕಾ, ನಿನ್ನೆ ಕೊಟ್ಟಿದ್ದು ನೂಡಲ್ಸಾ, ಹಗ್ಗಾನಾ? ಕೆಟ್ಟು ನಿಂತ ಬಸ್ಸಿಗೆ ಕಟ್ಟಿ ಎಳೀಬಹುದಿತ್ತು!” ಎಂದು ಮರುದಿನ ಬೆಳಗಿನ ಚಹಾಕ್ಕೆ ಬಂದ ಡ್ರೈವರ್ ಎಲ್ಲರಿಗೂ ಕೇಳುವಂತೆ ನಕ್ಕ. ಮ್ಯಾನೇಜರ್ ನಗಲಿಲ್ಲ. “ಇನ್ನೊಂದು ಸಲ ಊಟ ವಾಪಸ್ ಬಂದ್ರೆ ಒಲೆ ಮುಂದೆ ಬೇರೆಯವರನ್ನ ನಿಲ್ಲಿಸ್ತೀನಿ ಅಕ್ಕ” ಎಂದು ಹೇಳಿ ಹೋದ.

ಅಕ್ಕ ನಾದಿನಿಯನ್ನು ಕರೆದು, “ಹುರಿಯೋ ನೂಡಲ್ಸು ಬಸಿದ ತಕ್ಷಣ ತಣ್ಣೀರಲ್ಲಿ ತೊಳೀಬೇಕು ಕಣೇ. ಮೇಲಿನ ಅಂಟು ಹೋಗತ್ತೆ, ಬೇಯೋದೂ ನಿಲ್ಲತ್ತೆ. ಆಮೇಲೆ ಚೂರು ಎಣ್ಣೆ ಸವರು” ಎಂದಳು.

ಅವತ್ತು ಇದ್ದದ್ದು ಪಾಸ್ತಾ. ಇಕ್ಕಟ್ಟಾದ ಪಾತ್ರೆಯಲ್ಲಿ ಒಂದಕ್ಕೊಂದು ಅಂಟಿಕೊಳ್ಳುತ್ತದೆಂದು ಅಕ್ಕ ಎರಡು ಸಲಕ್ಕೆ ಬೇಯಿಸುತ್ತಿದ್ದಳು. ನೀರು ಕೊತಕೊತ ಕುದಿಯಬೇಕು, ಲೀಟರಿಗೊಂದು ಸಣ್ಣ ಚಮಚ ತುಂಬ ಉಪ್ಪು ಹಾಕಬೇಕು, ಪಾಸ್ತಾ ಬಿದ್ದ ಮೊದಲ ಎರಡು ನಿಮಿಷ ಸೌಟು ನಿಲ್ಲಬಾರದು. ಮೊದಲ ಪಾತ್ರೆ ಚೆನ್ನಾಗಿಯೇ ಬೆಂದಿತು. ಅಕ್ಕ ಸಾಸ್ ಕಡೆ ತಿರುಗುವಷ್ಟರಲ್ಲಿ ನಾದಿನಿ ಅದನ್ನು ಬಸಿದು ನಲ್ಲಿಯ ಕೆಳಗೆ ಹಿಡಿದೇಬಿಟ್ಟಿದ್ದಳು.

“ಅಯ್ಯೋ, ಏನೇ ಮಾಡ್ದೆ!”

“ನೀವೇ ತಾನೇ ತೊಳಿ ಅಂದಿದ್ದು ಅತ್ತಿಗೆ?”

“ನೂಡಲ್ಸಿಗೆ ಅಂದೆ! ಬಿಸಿ ಸಾಸಿಗೆ ಹಾಕೋ ಪಾಸ್ತಾನ ತೊಳೀತಾರಾ? ಆ ಅಂಟೇ ಸಾಸನ್ನ ಹಿಡ್ಕೊಳ್ಳೋದು. ಬಸಿದು ನೇರ ಸಾಸಿಗೆ ಹಾಕೋದು ಅಷ್ಟೇ.”

“ತೊಳೀದಿದ್ರೂ ಬೈಗುಳ, ತೊಳೆದ್ರೂ ಬೈಗುಳ. ನನಗೆ ಅತ್ತೆಯಿಲ್ಲದ ಕೊರತೆ ನೀವು ತೀರಿಸ್ತಿದೀರಿ!”

ಮಾತಿಗೆ ಮಾತು ಬೆಳೆಯಿತು. ತೊಳೆದ ಪಾಸ್ತಾವನ್ನು ಒಂದು ತಟ್ಟೆಗೆ ಹಾಕಿ ನೋಡಿದರೆ ಸಾಸ್ ಅದರ ಮೇಲೆ ನಿಲ್ಲದೆ ತಳಕ್ಕೆ ಜಾರುತ್ತಿತ್ತು. ಈ ಗಲಾಟೆಯ ನಡುವೆಯೇ ಅಕ್ಕ ಎರಡನೆಯ ಪಾತ್ರೆಯ ಹೊಸ ನೀರಿಗೆ ಪಾಸ್ತಾ ಸುರಿದು ತಿರುವಿದಳು. ಅದು ಮೆತ್ತಗಾಗುತ್ತ ಬಂದಾಗ ಅವಳ ಕಣ್ಣು ಉಪ್ಪಿನ ಡಬ್ಬಿಯ ಮೇಲೆ ಬಿತ್ತು. ಉಪ್ಪು ಹಾಕಿದೆನೇ, ಇಲ್ಲವೇ? ಎಷ್ಟು ನೆನೆದರೂ ನೆನಪಾಗಲಿಲ್ಲ. ಅಷ್ಟರಲ್ಲಿ ಮ್ಯಾನೇಜರ್ ಬಾಗಿಲಿಗೆ ಬಂದು, “ಸರಿಯಾಗಿದೆಯಾ?” ಎಂದ.

ಅಕ್ಕ ಸೌಟನ್ನು ಬಾಯಿಗಿಟ್ಟಳು. ಬಿಸಿ ಗೊತ್ತಾಯಿತು, ಮತ್ತೇನೂ ಇಲ್ಲ. ತಲೆಯಾಡಿಸಿದಳು. ಅವನು ಹೋದ.

ಉಪ್ಪಿಲ್ಲದೆ ಬೆಂದದ್ದಕ್ಕೆ ಆಮೇಲೆ ಮೇಲಿಂದ ಉದುರಿಸಿದರೆ ಹೊರಗೆ ಉಪ್ಪು, ಒಳಗೆ ಸಪ್ಪೆ. ಈಗಾಗಲೇ ಹಾಕಿದ್ದರೆ, ಮತ್ತೆ ಹಾಕಿದಾಗ ಬಾಯಿಗಿಡುವಂತಿರುವುದಿಲ್ಲ. ಹೊರಗೆ ತಟ್ಟೆ ಹಿಡಿದವರ ಸಾಲು ಬೆಳೆಯುತ್ತಿತ್ತು.

“ಇಲ್ಲಿ ಬಾ” ಎಂದಳು ನಾದಿನಿಗೆ, ದನಿ ತಗ್ಗಿಸಿ. “ಇದರ ರುಚಿ ನೋಡು.”

“ಈಗ ತಾನೇ ನೀವು ನೋಡಿದ್ರಲ್ಲ?”

“ನನಗೆ ಗೊತ್ತಾಗಲ್ಲ ಕಣೇ. ಜ್ವರ ಬಂದಾಗಿಂದ ಏನೂ ಗೊತ್ತಾಗ್ತಿಲ್ಲ.”

ನಾದಿನಿ ಒಂದು ಕ್ಷಣ ಅವಳ ಮುಖವನ್ನೇ ನೋಡಿದಳು. ಒಂದು ತುಂಡು ತೆಗೆದು ಊದಿ ಕಚ್ಚಿದಳು. “ಉಪ್ಪೇ ಇಲ್ಲ ಅತ್ತಿಗೆ. ನಡುವೆ ಇನ್ನೂ ಬಿಳಿ ಚುಕ್ಕೆ ಇದೆ, ಪೂರ್ತಿ ಬೆಂದಿಲ್ಲ.”

“ಹಾಗಾದ್ರೆ ಈಗ್ಲೇ ಹಾಕು. ಇನ್ನು ಸ್ವಲ್ಪ ನೀರು ಕುಡಿಯತ್ತೆ, ಅದರ ಜೊತೆ ಅಷ್ಟೋ ಇಷ್ಟೋ ಒಳಗೆ ಹೋಗತ್ತೆ. ಉಳಿದದ್ದನ್ನ ಸಾಸಲ್ಲಿ ಸರಿಮಾಡೋಣ. ಅದರ ರುಚಿನೂ ನೀನೇ ನೋಡಬೇಕು.”

ಬಸಿಯುವ ಮೊದಲು ಅಕ್ಕ ಒಂದು ಸೌಟು ಗಂಜಿಯಂಥ ನೀರು ತೆಗೆದಿಟ್ಟಳು. ಪಾಸ್ತಾ ಸಾಸಿಗೆ ಬಿದ್ದ ಮೇಲೆ ಅದನ್ನು ಸುರಿದು ತಿರುವಿದಾಗ ಸಾಸ್ ಅಂಟಿ ಕೂತಿತು. ತೊಳೆದದ್ದನ್ನೂ ಅದರಲ್ಲೇ ಬೆರೆಸಿದರು. ಅದ್ಭುತವೇನೂ ಆಗಲಿಲ್ಲ, ಆದರೆ ಒಂದು ತಟ್ಟೆಯೂ ವಾಪಸ್ ಬರಲಿಲ್ಲ.

ಊಟ ಮುಗಿದ ಮೇಲೆ ಮ್ಯಾನೇಜರ್ ಒಳಗೆ ಬಂದ. “ಇವತ್ತು ಪರವಾಗಿಲ್ಲ. ಒಂದೊಂದು ತುತ್ತು ಮಾತ್ರ ಸಪ್ಪೆ. ನೀವು ರುಚಿ ನೋಡಿದ್ರಲ್ಲ ಅಕ್ಕ, ಆಮೇಲೆ ಯಾರು ಕೈ ಹಾಕಿದ್ದು?”

“ನಾನೇ ಸಾರ್, ಅತ್ತಿಗೆ ಹೇಳಿದ್ರು—” ಎಂದು ನಾದಿನಿ ಮುಚ್ಚಿಹಾಕಲು ಹೊರಟಳು.

ಅಕ್ಕ ಸೆರಗಿನಿಂದ ಕೈ ಒರೆಸಿಕೊಂಡಳು. “ಬಾಗಿಲು ಮುಚ್ಚಿ ಸಾರ್” ಎಂದಳು. “ನಿಮಗೊಂದು ಮಾತು ಹೇಳಬೇಕು.”